‘ಕಾಂಪಿಟಿಟಿವ್ ಪ್ಯಾಕೇಜ್’ ಅಂದರೆ ಕೈಗೆ ಬರುವುದೆಷ್ಟು?

“ನಿಮ್ಮ ಪ್ರೊಫೈಲ್ ನಮ್ಮ ಕ್ಲೈಂಟ್‌ಗೆ ಚೆನ್ನಾಗಿ ಹೊಂದುತ್ತದೆ. ಕಾಂಪಿಟಿಟಿವ್ ಪ್ಯಾಕೇಜ್, ಫಾಸ್ಟ್-ಪೇಸ್ಡ್ ಟೀಮ್. ನಿಮ್ಮ ಈಗಿನ ಸಿಟಿಸಿ, ನಿರೀಕ್ಷಿತ ಸಿಟಿಸಿ, ನೋಟಿಸ್ ಪೀರಿಯಡ್ ತಿಳಿಸಿ.” ಬೆಂಗಳೂರಿನಲ್ಲಿ ಐಟಿ ಕೆಲಸ ಹುಡುಕುವವರಿಗೆ ಇಂಥ ಸಂದೇಶ ಹೊಸದಲ್ಲ. ಇದನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ನಿಮ್ಮಿಂದ ಮೂರು ಖಚಿತ ಸಂಖ್ಯೆಗಳನ್ನು ಕೇಳಿದ್ದಾರೆ. ನಿಮಗೆ ಒಂದನ್ನೂ ಕೊಟ್ಟಿಲ್ಲ.

ಅವರ ಬಳಿ ಸಂಖ್ಯೆ ಇಲ್ಲದೆ ಇರುವುದು ಅಪರೂಪ. ಒಂದು ಹುದ್ದೆಗೆ ಜನ ಬೇಕು ಎಂದು ಕಂಪನಿಯೊಳಗೆ ಒಪ್ಪಿಗೆ ಸಿಗುವಾಗಲೇ ಆ ಹುದ್ದೆಯ ದರ್ಜೆ, ಆ ದರ್ಜೆಗೆ ಕನಿಷ್ಠ ಮತ್ತು ಗರಿಷ್ಠ ಸಂಬಳ ಎರಡೂ ಸಾಮಾನ್ಯವಾಗಿ ನಿಗದಿಯಾಗಿರುತ್ತವೆ. ನೇಮಕಾತಿಯವರ ಭಾಷೆಯಲ್ಲಿ ಇದಕ್ಕೆ ‘ಬಜೆಟ್’ ಎನ್ನುತ್ತಾರೆ. ಆ ಬಜೆಟ್ ಹೇಳದೆ ನಿಮ್ಮ ಈಗಿನ ಸಂಬಳ ಕೇಳಿದರೆ, ಅದರ ಮೇಲೆ ಶೇಕಡಾ ಇಷ್ಟು ಎಂದು ಸೇರಿಸಿ ಮಾತು ಮುಗಿಸಬಹುದು. ಹುದ್ದೆಯ ಬೆಲೆ ಬದಿಗೆ ಸರಿದು, ನಿಮ್ಮ ಹಳೆಯ ಸಂಬಳವೇ ಅಳತೆಗೋಲಾಗುತ್ತದೆ. ಆದ್ದರಿಂದ ಮೊದಲ ಉತ್ತರದಲ್ಲೇ ವಿನಯದಿಂದ ಕೇಳಬೇಕಾದದ್ದು ಇದು: “ಈ ಪೊಸಿಷನ್‌ಗೆ ಬಜೆಟ್ ಎಷ್ಟರಿಂದ ಎಷ್ಟರವರೆಗಿದೆ? ಅದರಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು?”

ಪ್ರಶ್ನೆಯ ಎರಡನೆಯ ಭಾಗವನ್ನು ಬಿಡಲೇಬಾರದು. ಏಕೆಂದು ಒಂದು ಲೆಕ್ಕದಲ್ಲಿ ನೋಡೋಣ. ನಾಲ್ಕು ವರ್ಷ ಅನುಭವದ ಟೆಸ್ಟಿಂಗ್ ಎಂಜಿನಿಯರ್ ಒಬ್ಬಳಿಗೆ ವರ್ಷಕ್ಕೆ 12 ಲಕ್ಷದ ಆಫರ್ ಬಂದಿದೆ ಎಂದುಕೊಳ್ಳಿ. ಮನೆಯವರೆಲ್ಲ ತಿಂಗಳಿಗೆ ಲಕ್ಷ ರೂಪಾಯಿ ಎಂದು ಲೆಕ್ಕ ಹಾಕುತ್ತಾರೆ. ಆದರೆ ಸಿಟಿಸಿ ಎಂದರೆ ಆ ನೌಕರಳಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಅದರಲ್ಲಿ ಶೇ. 15ರಷ್ಟು, ಅಂದರೆ 1,80,000 ರೂಪಾಯಿ, ವೇರಿಯಬಲ್ ಪೇ. ಒಂದು ಲಕ್ಷ ಜಾಯ್ನಿಂಗ್ ಬೋನಸ್. ಮೂಲ ವೇತನ ತಿಂಗಳಿಗೆ 35,000 ಇದ್ದು, ಪೂರ್ತಿ ಮೂಲ ವೇತನದ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ, ಕಂಪನಿಯ ಪಾಲಿನ ಶೇ. 12 ವರ್ಷಕ್ಕೆ 50,400 ಆಗುತ್ತದೆ. ಗ್ರಾಚ್ಯುಟಿ ಎಂದು ಮೂಲ ವೇತನದ ಶೇ. 4.81ರಷ್ಟು, ಸುಮಾರು 20,200. ಆರೋಗ್ಯ ವಿಮೆಯ ಕಂತು 15,000. ಇವೆಲ್ಲ ಸೇರಿ 3,65,600 ರೂಪಾಯಿ. ಇದನ್ನು ಕಳೆದರೆ ಉಳಿಯುವುದು 8,34,400, ತಿಂಗಳಿಗೆ ಸುಮಾರು 69,500. ಅದರಿಂದ ಅವಳ ಪಾಲಿನ ಪಿಎಫ್ 4,200 ಮತ್ತು ವೃತ್ತಿ ತೆರಿಗೆ 200 ಕಡಿತವಾಗುತ್ತವೆ. ಹೊಸ ತೆರಿಗೆ ಪದ್ಧತಿಯಲ್ಲಿ ಇಷ್ಟು ಆದಾಯಕ್ಕೆ ಆದಾಯ ತೆರಿಗೆ ಇಲ್ಲ ಎಂದಿಟ್ಟುಕೊಂಡರೂ ಬ್ಯಾಂಕ್ ಖಾತೆಗೆ ಬೀಳುವುದು ಸುಮಾರು 65,100 ರೂಪಾಯಿ.

ಇದರಲ್ಲಿ ಮೋಸವಿಲ್ಲ. ಪಿಎಫ್ ಅವಳದೇ ಹಣ, ವಿಮೆಯೂ ಉಪಯೋಗದ್ದೇ. ಆದರೆ ಮನೆ ಬಾಡಿಗೆ, ಸಾಲದ ಕಂತು ಕಟ್ಟಬೇಕಾದದ್ದು ಈ 65 ಸಾವಿರದಿಂದ. ಗ್ರಾಚ್ಯುಟಿಯಂತೂ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷದ ಸೇವೆ ಮುಗಿದ ಮೇಲೆ ಸಿಗುವಂಥದ್ದು. ಎರಡು ವರ್ಷಕ್ಕೆ ಕೆಲಸ ಬಿಟ್ಟವರಿಗೆ ಆ ಸಾಲಿನ ಮೊತ್ತ ಕಾಗದದಲ್ಲೇ ಉಳಿಯುತ್ತದೆ. ಜಾಯ್ನಿಂಗ್ ಬೋನಸ್ ಎರಡನೆಯ ವರ್ಷ ಬರುವುದಿಲ್ಲ. ಆ ವರ್ಷ ಸಂಬಳ ಹೆಚ್ಚದಿದ್ದರೆ ಅವಳ ನಿಜವಾದ ಸಿಟಿಸಿ 11 ಲಕ್ಷ.

ವೇರಿಯಬಲ್ ಬಗ್ಗೆ “ಚೆನ್ನಾಗಿ ಕೊಡುತ್ತೀರಾ?” ಎಂದು ಕೇಳಿದರೆ “ಖಂಡಿತ” ಎಂಬ ಉತ್ತರವೇ ಬರುತ್ತದೆ. ಅದರ ಬದಲು ಹೀಗೆ ಕೇಳಿ: “ಕಳೆದ ಎರಡು ವರ್ಷಗಳಲ್ಲಿ ಈ ದರ್ಜೆಯವರಿಗೆ ವೇರಿಯಬಲ್‌ನಲ್ಲಿ ಶೇಕಡಾ ಎಷ್ಟು ಕೈಗೆ ಬಂತು? ಯಾವ ತಿಂಗಳು ಕೊಡುತ್ತೀರಿ? ಆ ತಿಂಗಳಿಗೆ ಮುಂಚೆ ರಾಜೀನಾಮೆ ಕೊಟ್ಟಿದ್ದರೆ ಸಿಗುತ್ತದೆಯೇ?” ಕೊನೆಯ ಪ್ರಶ್ನೆ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ವರ್ಷವಿಡೀ ದುಡಿದು, ಹಣ ಬರುವ ತಿಂಗಳಿಗೆ ನೋಟಿಸ್‌ನಲ್ಲಿದ್ದ ಕಾರಣಕ್ಕೆ ಪೂರ್ತಿ ಕಳೆದುಕೊಳ್ಳುವ ಷರತ್ತು ಹಲವು ಕಡೆ ಇದೆ. ಜಾಯ್ನಿಂಗ್ ಬೋನಸ್‌ಗೂ ಇಷ್ಟು ತಿಂಗಳೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತು ಇರುವುದುಂಟು. ಆ ಅವಧಿ ಎಷ್ಟು, ತೆರಿಗೆ ಕಡಿತದ ಮೊದಲಿನ ಮೊತ್ತವನ್ನು ವಾಪಸ್ ಕೇಳುತ್ತಾರೋ ಕೈಗೆ ಬಂದದ್ದನ್ನೋ ಎಂದು ತಿಳಿದುಕೊಳ್ಳಿ.

ಇನ್ನು ‘ಫಾಸ್ಟ್-ಪೇಸ್ಡ್ ಟೀಮ್’. ನನ್ನ ಪ್ರಕಾರ ಪ್ಯಾಕೇಜಿಗಿಂತ ಇದೇ ಹೆಚ್ಚು ಎಚ್ಚರ ಬೇಡುವ ಮಾತು. ಸಂಬಳ ಕಾಗದದ ಮೇಲೆ ಬರುತ್ತದೆ, ಕೆಲಸದ ಗತಿ ಯಾವ ಕಾಗದದಲ್ಲೂ ಬರುವುದಿಲ್ಲ. ತೀರ್ಮಾನಗಳು ಬೇಗ ಆಗುವ, ವಾರಕ್ಕೊಂದು ರಿಲೀಸ್ ಮಾಡುವ, ಕಲಿಯಲು ತುಂಬ ಸಿಗುವ ಒಳ್ಳೆಯ ತಂಡಕ್ಕೂ ಹೀಗೆನ್ನುತ್ತಾರೆ. ಆರು ಜನರ ಕೆಲಸವನ್ನು ನಾಲ್ಕು ಜನ ಮಾಡುತ್ತಿರುವ ತಂಡಕ್ಕೂ ಹೀಗೆನ್ನುತ್ತಾರೆ. ಯಾವುದೆಂದು ತಿಳಿಯಲು “ವರ್ಕ್-ಲೈಫ್ ಬ್ಯಾಲೆನ್ಸ್ ಹೇಗಿದೆ?” ಎಂಬ ಪ್ರಶ್ನೆ ನೆರವಾಗದು, ಅದಕ್ಕೆ ಸಿದ್ಧ ಉತ್ತರವಿದೆ. ಆಗಿಹೋದ ಸಂಗತಿಯನ್ನು ಕೇಳಬೇಕು: “ಇದು ಹೊಸ ಹುದ್ದೆಯೇ, ಯಾರೋ ಬಿಟ್ಟ ಜಾಗವೇ? ಬಿಟ್ಟ ಜಾಗವಾದರೆ ಅವರು ಎಷ್ಟು ಕಾಲ ಇದ್ದರು? ತಂಡದಲ್ಲಿ ಈಗ ಎಷ್ಟು ಜನ? ಆನ್-ಕಾಲ್ ಪಾಳಿ ಎಷ್ಟು ವಾರಕ್ಕೊಮ್ಮೆ ಬರುತ್ತದೆ? ಕಳೆದ ತಿಂಗಳು ಎಷ್ಟು ಶನಿವಾರ ತಂಡ ಕೆಲಸ ಮಾಡಿತು? ಅಮೆರಿಕದ ಕ್ಲೈಂಟ್ ಜೊತೆ ಕೊನೆಯ ಮೀಟಿಂಗ್ ರಾತ್ರಿ ಎಷ್ಟು ಗಂಟೆಗೆ ಮುಗಿಯುತ್ತದೆ?”

ನಾಲ್ಕೇ ಜನರ ತಂಡವೆಂದರೆ ಆನ್-ಕಾಲ್ ತಿಂಗಳಿಗೊಂದು ವಾರ ನಿಮ್ಮ ಪಾಲಿಗೆ ಬರುತ್ತದೆ, ಒಬ್ಬರು ಬಿಟ್ಟರೆ ಮೂರು ವಾರಕ್ಕೊಮ್ಮೆ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ಕೆಲಸದ ಮಿತಿಯನ್ನು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಇಟ್ಟಿದೆ. ರಾತ್ರಿಯ ಕರೆ, ವಾರಾಂತ್ಯದ ಕೆಲಸಕ್ಕೆ ಪ್ರತ್ಯೇಕ ಭತ್ಯೆ ಅಥವಾ ಬದಲಿ ರಜೆ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಯಾರನ್ನು ಕೇಳುತ್ತೀರಿ ಎಂಬುದೂ ಮುಖ್ಯ. ಕನ್ಸಲ್ಟೆನ್ಸಿಯವರಿಗೆ ಬಜೆಟ್ ಗೊತ್ತಿರಬಹುದು, ತಂಡದ ಒಳಗಿನ ಸ್ಥಿತಿ ಗೊತ್ತಿರುವುದಿಲ್ಲ. ಅವರಿಗೆ ಇಪ್ಪತ್ತು ಪ್ರಶ್ನೆ ಕಳಿಸಿದರೆ ಉತ್ತರವೇ ಬರಲಿಕ್ಕಿಲ್ಲ. ಮೊದಲ ಸಂದೇಶಕ್ಕೆ ಮೂರೇ ಪ್ರಶ್ನೆ ಸಾಕು: ಬಜೆಟ್ ಮತ್ತು ಅದರಲ್ಲಿ ಫಿಕ್ಸೆಡ್ ಎಷ್ಟು, ಕೆಲಸದ ವೇಳೆ, ವಾರಕ್ಕೆ ಎಷ್ಟು ದಿನ ಆಫೀಸ್. ತಂಡದ ಪ್ರಶ್ನೆಗಳನ್ನು ಇಂಟರ್‌ವ್ಯೂನಲ್ಲಿ ಮ್ಯಾನೇಜರ್‌ಗೆ, ಸಾಧ್ಯವಾದರೆ ಮುಂದೆ ಜೊತೆಗೆ ಕೆಲಸ ಮಾಡಲಿರುವ ಒಬ್ಬರಿಗೆ ಕೇಳಿ. ಇಬ್ಬರೂ ಬೇರೆ ಬೇರೆ ಉತ್ತರ ಕೊಟ್ಟರೆ, ದಿನವೂ ಆ ಕೆಲಸ ಮಾಡುವವರ ಮಾತಿಗೆ ಹೆಚ್ಚು ತೂಕ ಕೊಡಿ.

“ಈಗ ಮಾಹಿತಿ ಇಲ್ಲ, ನಾಳೆ ತಿಳಿಸುತ್ತೇನೆ” ಎಂಬುದು ಒಳ್ಳೆಯ ಉತ್ತರವೇ, ನಾಳೆ ನಿಜಕ್ಕೂ ತಿಳಿಸಿದರೆ. “ನಮ್ಮಲ್ಲಿ ಎಲ್ಲರೂ ಒಂದೇ ಕುಟುಂಬದಂತೆ” ಎಂದು ಶನಿವಾರದ ಪ್ರಶ್ನೆಗೆ ಉತ್ತರ ಬಂದರೆ ಪ್ರಶ್ನೆ ಹಾಗೇ ಉಳಿದಿದೆ ಎಂದರ್ಥ, ಇನ್ನೊಮ್ಮೆ ಕೇಳಿ. ಮೂರನೆಯ ಸಲವೂ ಸಂಖ್ಯೆ ಬರದಿದ್ದರೆ, ಅದು ಮುಚ್ಚಿಡುವಂಥ ಸಂಖ್ಯೆ ಎಂದೇ ಭಾವಿಸುವುದು ಕ್ಷೇಮ.

ಫೋನಿನಲ್ಲಿ ಒಪ್ಪಿದ ಪ್ರತಿಯೊಂದನ್ನೂ ಅದೇ ದಿನ ಇಮೇಲ್‌ನಲ್ಲಿ ಬರೆದು, ಸರಿಯೇ ಎಂದು ದೃಢೀಕರಣ ಕೇಳಿ. ಸಂಬಳದ ಪೂರ್ತಿ ವಿಂಗಡಣೆ ಇರುವ ಆಫರ್ ಲೆಟರ್ ಕೈಗೆ ಬಂದು, ತಿಂಗಳ ಲೆಕ್ಕವನ್ನು ನೀವೇ ಹಾಕಿ ನೋಡುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.