ಸುಕ್ಕಿಗೆ ತಕ್ಕಂತೆ ಬಾಗುವ ಲೋಗೋ

ನವೆಂಬರ್ ಹತ್ತಿರವಾಗುತ್ತಿದ್ದಂತೆ ಕೆಂಪು, ಹಳದಿ ಬರಹದ ರಾಜ್ಯೋತ್ಸವದ ಟೀ ಶರ್ಟ್ ಚಿತ್ರಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಅವುಗಳಲ್ಲಿ ಎಷ್ಟೋ ಅಂಗಿಗಳು ಇನ್ನೂ ಅಚ್ಚಾಗಿಯೇ ಇರುವುದಿಲ್ಲ. ಖಾಲಿ ಬಿಳಿ ಅಂಗಿ ತೊಟ್ಟವರ ಫೋಟೋ ಮೇಲೆ ಲೋಗೋ ಕೂರಿಸಿ ಆರ್ಡರ್ ಕೇಳುತ್ತಾರೆ, ಅಷ್ಟೇ. ಸರಿಯಾಗಿ ಕೂರದಿದ್ದರೆ ಮೊದಲು ಬಯಲು ಮಾಡುವುದು ನಮ್ಮ ಅಕ್ಷರಗಳ ತಲೆಕಟ್ಟು. ಬಟ್ಟೆಯೆಲ್ಲ ಸುಕ್ಕಾಗಿದ್ದರೂ ಅದೊಂದು ಮಾತ್ರ ಅಡಿಪಟ್ಟಿ ಇಟ್ಟು ಎಳೆದ ಗೆರೆಯಂತೆ ನೆಟ್ಟಗಿರುತ್ತದೆ.

ಫೋಟೋಶಾಪ್‌ನಲ್ಲಿ ಲೋಗೋದ ಲೇಯರನ್ನು Multiply ಮಾಡಿದರೆ ಅಂಗಿಯ ನೆರಳು ಬಣ್ಣದೊಳಗೆ ಇಳಿಯುತ್ತದೆ. ಹಲವರು ಅಲ್ಲಿಗೇ ಕೈತೊಳೆದುಕೊಳ್ಳುತ್ತಾರೆ. ಆದರೆ ಗೆರೆಯನ್ನು ಬಾಗಿಸುವುದು ನೆರಳಿನಿಂದ ಆಗದ ಕೆಲಸ. ಅದಕ್ಕೆ ಬೇಕಾದದ್ದು ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್.

ಇದು ಅದೇ ಅಂಗಿಯ ಕಪ್ಪು-ಬಿಳುಪು ಪ್ರತಿ. ಇದರಲ್ಲಿ ಪ್ರತಿ ಚುಕ್ಕೆಯ ಬೂದುಬಣ್ಣಕ್ಕೂ 0ಯಿಂದ 255ರವರೆಗಿನ ಒಂದು ಸಂಖ್ಯೆ ಇರುತ್ತದೆ. ನಡುವಿನ 128 ಇದ್ದಲ್ಲಿ ಲೋಗೋ ಅಲುಗುವುದಿಲ್ಲ. ಅದಕ್ಕಿಂತ ಕಪ್ಪಾದ ಕಡೆ ಒಂದು ದಿಕ್ಕಿಗೆ, ಬೆಳ್ಳಗಾದ ಕಡೆ ಎದುರು ದಿಕ್ಕಿಗೆ ಸರಿಯುತ್ತದೆ. ಎಷ್ಟು ಸರಿಯಬೇಕು ಎನ್ನುವುದನ್ನು ಸ್ಕೇಲ್ ಹೇಳುತ್ತದೆ: 100 ಕೊಟ್ಟರೆ ಹೆಚ್ಚೆಂದರೆ 128 ಪಿಕ್ಸೆಲ್, 10 ಕೊಟ್ಟರೆ ಸುಮಾರು 13.

ಸುಮಾರು 3000 ಪಿಕ್ಸೆಲ್ ಅಗಲದ ಒಂದು ಫೋಟೋ ಇದೆ ಎಂದುಕೊಳ್ಳಿ. ಚಿತ್ರದ ಎಡಗಡೆಯ ಕಂಕುಳಿನಿಂದ ಹೊರಟ ಮಡಿಕೆ ಓರೆಯಾಗಿ ಬಲಕ್ಕೆ, ಸೊಂಟದತ್ತ ಇಳಿದಿದೆ. ಅಂಗಿಯ ಮೇಲೆ ಹಳೆಯ ಲೋಗೋ ಏನಾದರೂ ಇದ್ದರೆ ಮೊದಲು ಅದನ್ನು ಅಳಿಸಬೇಕು. ಮ್ಯಾಪಿಗೆ ಕಪ್ಪು ಅಕ್ಷರವೂ ಒಂದೇ, ಕಪ್ಪು ನೆರಳೂ ಒಂದೇ. ಅಳಿಸದೆ ಬಿಟ್ಟರೆ ಹೊಸ ಲೋಗೋ ಹಳೆಯದರ ಆಕಾರಕ್ಕೆ ತಕ್ಕಂತೆ ಸೊಟ್ಟಗಾಗುತ್ತದೆ. ಆಮೇಲೆ ಫೋಟೋದ ಬಣ್ಣ ತೆಗೆದು, Gaussian Blur ಅನ್ನು ಮೂರರಿಂದ ಆರು ಪಿಕ್ಸೆಲ್‌ನಷ್ಟು ಕೊಡಿ. ಇದನ್ನು ಬಿಟ್ಟರೆ ಬಟ್ಟೆಯ ನೇಯ್ಗೆಯೂ ಸುಕ್ಕೆಂದು ಎಣಿಕೆಯಾಗಿ, ಅಕ್ಷರಗಳ ಅಂಚು ಇಲಿ ಕಡಿದಂತೆ ಹರಿದುಕೊಳ್ಳುತ್ತದೆ.

ಇನ್ನೊಂದು ತೊಡಕು ಬಿಳಿ ಅಂಗಿಯದ್ದೇ. ಸುಕ್ಕಿಲ್ಲದ ಬಿಳಿ ಬಟ್ಟೆಯ ಸಂಖ್ಯೆ 200ರ ಆಸುಪಾಸಿನಲ್ಲಿರುತ್ತದೆ, 128 ಅಲ್ಲ. ಹಾಗಾಗಿ ಸ್ಕೇಲ್ 10 ಇದ್ದಾಗ ಸಮತಟ್ಟಾದ ಜಾಗದಲ್ಲೂ ಲೋಗೋ ಏಳು ಪಿಕ್ಸೆಲ್ ಜರುಗುತ್ತದೆ. ನೀವು ನಡುಮಧ್ಯೆ ಇಟ್ಟದ್ದು ಒಂದು ಬದಿಗೆ ಹೋಗಿ ಕೂತಿರುತ್ತದೆ, ಏಕೆಂದು ಹೊಳೆಯುವುದಿಲ್ಲ. Levels ತೆರೆದು ನಡುವಿನ ಗುಂಡಿಯನ್ನು ಎಳೆಯುತ್ತಾ, ಸಮತಟ್ಟಾದ ಬಟ್ಟೆ 128ರ ಹತ್ತಿರ ಬರುವಂತೆ ಮಾಡಬೇಕು. ಕೊನೆಗೆ ಲೇಯರ್‌ಗಳನ್ನು ಒಂದಾಗಿಸಿ PSD ಕಡತವಾಗಿ ಉಳಿಸಬೇಕು. JPG ಕೊಟ್ಟರೆ ಈ ಫಿಲ್ಟರ್ ಒಪ್ಪುವುದಿಲ್ಲ.

ಈಗ ಮೂಲ ಫೋಟೋಗೆ ಮರಳಿ, ಲೋಗೋದ ಲೇಯರ್ ಆರಿಸಿ ಇಲ್ಲಿಗೆ ಹೋಗಿ:

```
Filter > Distort > Displace
```

ಇಲ್ಲಿ ಅಡ್ಡಕ್ಕೊಂದು, ಉದ್ದಕ್ಕೊಂದು ಸ್ಕೇಲ್ ಕೇಳುತ್ತದೆ. ಎರಡಕ್ಕೂ 10 ಎಂದು ಮೊದಲೇ ಬರೆದಿರುವುದರಿಂದ ಹೆಚ್ಚಿನವರು ಅದನ್ನೇ ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ನಮ್ಮ ಫೋಟೋದಲ್ಲಿ ಅದು ತಪ್ಪು. ಕಪ್ಪು-ಬಿಳುಪು ಮ್ಯಾಪಿನಲ್ಲಿ ಎಲ್ಲ ಚಾನಲ್‌ಗಳೂ ಒಂದೇ ಆಗಿರುವುದರಿಂದ ಲೋಗೋ ಎರಡೂ ಕಡೆಗೆ ಒಟ್ಟಿಗೇ, ಅಂದರೆ ಓರೆಯಾಗಿ, ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಯ ಗೆರೆಯಲ್ಲೇ ಅಲುಗುತ್ತದೆ. ನಮ್ಮ ಮಡಿಕೆ ಇರುವುದೂ ಅದೇ ಗೆರೆಯಲ್ಲಿ. ಅಕ್ಷರಗಳು ಮಡಿಕೆಯ ಉದ್ದಕ್ಕೂ ಜಾರಿದಂತೆ ಕಾಣುತ್ತವೆ. ನಿಜವಾದ ಬಟ್ಟೆಯಲ್ಲಿ ಚಿತ್ರ ಕುಗ್ಗುವುದು ಮಡಿಕೆಗೆ ಅಡ್ಡಲಾಗಿ. ಉದ್ದದ ಸ್ಕೇಲಿಗೆ -10 ಕೊಟ್ಟು ನೋಡಿ, ಜರುಗುವ ದಿಕ್ಕು ಮಡಿಕೆಯನ್ನು ದಾಟುವಂತೆ ತಿರುಗುತ್ತದೆ. ಮಡಿಕೆ ನೇರವಾಗಿ ಕೆಳಗಿಳಿದಿದ್ದರೆ ಉದ್ದದ್ದನ್ನು ಸೊನ್ನೆ ಮಾಡಿದರಾಯಿತು. ನಂತರ PSD ತೋರಿಸಿ, ಲೇಯರನ್ನು Multiply ಮಾಡಿ. ಕಪ್ಪು ಅಂಗಿಯ ಮೇಲೆ ಬಿಳಿ ಅಕ್ಷರವಿದ್ದರೆ Multiply ಆಗದು, ಅಕ್ಷರವೇ ಮಾಯವಾಗುತ್ತದೆ. ಅಲ್ಲಿ Screen ಬಳಸಬೇಕು.

ಲೋಗೋವನ್ನು ಮೊದಲೇ ಸ್ಮಾರ್ಟ್ ಆಬ್ಜೆಕ್ಟ್ ಮಾಡಿಟ್ಟುಕೊಂಡರೆ ಸ್ಕೇಲನ್ನು ಮತ್ತೆ ಮತ್ತೆ ಬದಲಿಸಬಹುದು. ಇಲ್ಲದಿದ್ದರೆ ಲೋಗೋವನ್ನು ಚೂರು ಸರಿಸಿದರೂ ಬಾಗಿದ ಜಾಗ ಒಂದೆಡೆ, ಮಡಿಕೆ ಇನ್ನೊಂದೆಡೆ ಆಗುತ್ತದೆ. ಹಾಗಾದಾಗ ಫಿಲ್ಟರ್ ರದ್ದು ಮಾಡಿ ಹೊಸದಾಗಿ ಹಾಕಬೇಕು.

ಇಷ್ಟೆಲ್ಲ ಮಾಡಿದರೂ ಒಂದು ವಿಷಯ ಮ್ಯಾಪಿಗೆ ತಿಳಿಯುವುದಿಲ್ಲ. ಅದು ಓದುವುದು ಬೆಳಕನ್ನು, ಬಟ್ಟೆಯ ಎತ್ತರವನ್ನಲ್ಲ. ಅಂಗಿಯ ಮೇಲೆ ಬಿದ್ದ ತೋಳಿನ ನೆರಳನ್ನೂ ಅದು ಮಡಿಕೆಯೆಂದೇ ನಂಬುತ್ತದೆ. ಅಂಥ ನೆರಳನ್ನು ಮ್ಯಾಪಿನಲ್ಲಿ ಬ್ರಷ್‌ನಿಂದ ತಿದ್ದಿ 128ಕ್ಕೆ ತರಬೇಕು. ಬಟ್ಟೆ ತನ್ನನ್ನೇ ಮುಚ್ಚಿಕೊಳ್ಳುವಷ್ಟು ಆಳವಾದ ಮಡಿಕೆಯಲ್ಲಿ ಅಕ್ಷರದ ಒಂದು ಪಾಲು ಒಳಗೆ ಅಡಗಿಹೋಗಬೇಕು. ಈ ಫಿಲ್ಟರ್ ಚುಕ್ಕೆಗಳನ್ನು ಜರುಗಿಸುತ್ತದೆಯೇ ಹೊರತು ಒಳಗೆ ತಳ್ಳುವುದಿಲ್ಲ. ಅಲ್ಲಿ ಮಡಿಕೆಯ ಅಂಚಿನಲ್ಲಿ ಲೋಗೋವನ್ನು ಎರಡಾಗಿ ಕತ್ತರಿಸಿ, ಒಂದು ತುಂಡನ್ನು ಕೈಯಿಂದಲೇ ಒಳಕ್ಕೆ ಸರಿಸಿ, ಮಡಿಕೆಯಡಿ ಹೋಗುವ ಭಾಗವನ್ನು ಮಾಸ್ಕ್‌ನಿಂದ ಮರೆಮಾಡಬೇಕು. ಆ ಅಂಚಿನ ಎರಡೂ ಬದಿಯಲ್ಲಿ ತಲೆಕಟ್ಟಿನ ಗೆರೆ ಇನ್ನೂ ಕೂಡಿಕೊಂಡೇ ಇದ್ದರೆ, ತುಂಡು ಇನ್ನಷ್ಟು ಸರಿಯಬೇಕಿದೆ ಎಂದರ್ಥ.