ಹೆಂಡತಿಯ ದೂರು, ನಾಜಿಗಳ ಕಾನೂನು

1944ರ ಜರ್ಮನಿ. ರಜೆಗೆ ಮನೆಗೆ ಬಂದ ಸೈನಿಕ ಹೆಂಡತಿಯ ಮುಂದೆ ಹಿಟ್ಲರನನ್ನು ಬೈದ. ಗಂಡನ ಕಾಟ ತಪ್ಪಿದರೆ ಸಾಕೆಂದಿದ್ದ ಅವಳು ಅದನ್ನು ಅಧಿಕಾರಿಗಳ ಕಿವಿಗೆ ಹಾಕಿದಳು. ಅವನಿಗೆ ಮರಣದಂಡನೆ ವಿಧಿಸಿದರು. ಕೊಲ್ಲದೆ ಯುದ್ಧರಂಗಕ್ಕೆ ಅಟ್ಟಿದರು.

ಯುದ್ಧ ಮುಗಿದ ಮೇಲೆ ಅವಳೇ ಕಟಕಟೆಯಲ್ಲಿ ನಿಂತಳು. ಆಗಿನ ಕಾನೂನಿನಂತೆಯೇ ನಡೆದೆ ಎಂಬುದು ಅವಳ ವಾದ. 1949ರಲ್ಲಿ ಕೋರ್ಟ್ ಅವಳನ್ನು ತಪ್ಪಿತಸ್ಥೆ ಎಂದಿತು.

ಹಾಗಾದರೆ ಗಂಡನಿಗೆ ಶಿಕ್ಷೆ ಕೊಡಿಸಿದ ನಾಜಿಗಳ ನಿಯಮ ಕಾನೂನೇ ಆಗಿರಲಿಲ್ಲವೇ?

ಅನ್ಯಾಯ ಸಹಿಸಲಾಗದ ಮಟ್ಟ ಮುಟ್ಟಿದರೆ ಅಂಥ ನಿಯಮ ಕಾನೂನಾಗಿ ಉಳಿಯುವುದಿಲ್ಲ ಎಂದವರು ಜರ್ಮನ್ ಚಿಂತಕ ಗುಸ್ತಾವ್ ರಾಡ್‌ಬ್ರುಕ್. ಇದು ನೈಸರ್ಗಿಕ ಕಾನೂನಿನ ನಿಲುವು. ಆದರೆ ಸಣ್ಣಪುಟ್ಟ ಅನ್ಯಾಯಕ್ಕೆಲ್ಲ ಅವರು ಈ ಮಾತು ಹೇಳಲಿಲ್ಲ.

1958ರಲ್ಲಿ ಬ್ರಿಟನ್ನಿನ ಎಚ್.ಎಲ್.ಎ. ಹಾರ್ಟ್ ಇದನ್ನು ಒಪ್ಪಲಿಲ್ಲ. ಅವರು ಪಾಸಿಟಿವಿಸ್ಟ್. ಅದು ಕಾನೂನೇ, ಆದರೆ ಪಾಲಿಸಲಾಗದಷ್ಟು ದುಷ್ಟ ಕಾನೂನು ಎಂದರು. ಅವಳನ್ನು ಶಿಕ್ಷಿಸಲೇಬೇಕಿದ್ದರೆ ಹಿಂದಿನ ಕೃತ್ಯಕ್ಕೂ ಅನ್ವಯಿಸುವ ಹೊಸ ಕಾನೂನು ತನ್ನಿ. ಆಗ ಕಾನೂನನ್ನು ಹಿಂದಕ್ಕೆ ಅನ್ವಯಿಸುವ ಅನ್ಯಾಯವೂ ಮುಚ್ಚಿಹೋಗುವುದಿಲ್ಲ ಎಂಬುದು ಅವರ ವಾದ.

ಅಮೆರಿಕದ ಲಾನ್ ಫುಲ್ಲರ್ ಹಿಡಿದದ್ದು ಬೇರೆಯೇ ಎಳೆ. ಗಂಡನ ಮೇಲೆ ಬಳಸಿದ ನಿಯಮಗಳಲ್ಲೊಂದು ಇದ್ದದ್ದು ಬಹಿರಂಗ ಮಾತಿನ ಬಗ್ಗೆ; ಅದನ್ನು ಮನೆಯೊಳಗಿನ ಮಾತಿಗೂ ಎಳೆದು ತಂದರು. ನನಗೆ ಇದೇ ಗಟ್ಟಿ ಪ್ರಶ್ನೆ ಅನ್ನಿಸುತ್ತದೆ: ತನ್ನದೇ ಪದಗಳಿಗೆ ಬದ್ಧವಾಗದ ನಿಯಮವನ್ನು ಕಾನೂನು ಎನ್ನುವುದು ಹೇಗೆ?