ಹೋಮ್ ವಿಂಡೋಸ್ ದೂರದ ಕರೆಗೆ ಏಕೆ ಓಗೊಡುವುದಿಲ್ಲ?

ದ್ವಿತೀಯ ಪಿಯುಸಿ ವಾಣಿಜ್ಯ ವಿಭಾಗದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಮನೆ ಹಳೇ ಹುಬ್ಬಳ್ಳಿಯಲ್ಲಿ, ಈಗ ಇರುವುದು ಧಾರವಾಡದ ಹಾಸ್ಟೆಲ್‌ನಲ್ಲಿ. ಟ್ಯಾಲಿ ಮತ್ತು ಪ್ರಾಜೆಕ್ಟಿನ ಲೆಕ್ಕವೆಲ್ಲ ಮನೆಯ ಕಂಪ್ಯೂಟರಿನಲ್ಲಿದೆ, ಒಪ್ಪಿಸುವ ದಿನ ನಾಳೆ. ಚಿಗರಿ ಬಸ್ಸು ಹತ್ತಿ ಹೋಗಿಬರುವಷ್ಟು ಹೊತ್ತಿಲ್ಲ. ಕೈಯಲ್ಲಿರುವ ಲ್ಯಾಪ್‌ಟಾಪಿನಿಂದಲೇ ಮನೆಯ ಕಂಪ್ಯೂಟರನ್ನು ತೆರೆದರಾಯಿತು ಎಂದುಕೊಂಡು ಆಕೆ ತಂಗಿಗೆ ಫೋನ್ ಮಾಡಿ, ಅಲ್ಲಿ Settings, System, Remote Desktop ಎಂದು ಹೋಗಲು ಹೇಳುತ್ತಾಳೆ. ತೆರೆಯ ಮೇಲೆ ಬರುವ ಉತ್ತರದ ತಾತ್ಪರ್ಯ ಇಷ್ಟೇ: ನಿಮ್ಮದು ಹೋಮ್ ಆವೃತ್ತಿ, ಇದರಲ್ಲಿ ಈ ಸೌಲಭ್ಯವಿಲ್ಲ.

ನಮ್ಮ ದೇಶದ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ಹೋಮ್ ಅಥವಾ ಹೋಮ್ ಸಿಂಗಲ್ ಲ್ಯಾಂಗ್ವೇಜ್. ನಿಮ್ಮದು ಯಾವುದೆಂದು ತಿಳಿಯಲು ವಿಂಡೋಸ್ ಕೀ ಮತ್ತು R ಒತ್ತಿ, winver ಎಂದು ಟೈಪ್ ಮಾಡಿ ನೋಡಿ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ರಿಮೋಟ್ ಡೆಸ್ಕ್‌ಟಾಪಿಗೆ ಎರಡು ಬದಿಗಳಿವೆ. ಒಂದು ಕರೆ ಮಾಡುವ ಬದಿ, ಇನ್ನೊಂದು ಕರೆ ಸ್ವೀಕರಿಸುವ ಬದಿ. ಕರೆ ಮಾಡುವ ಪ್ರೋಗ್ರಾಂ ಹೋಮ್‌ನಲ್ಲೂ ಇದೆ. Mstsc ಎಂದು ಟೈಪ್ ಮಾಡಿದರೆ ತೆರೆದುಕೊಳ್ಳುತ್ತದೆ. ಹಾಗಾಗಿ ಹೋಮ್ ಇರುವ ಲ್ಯಾಪ್‌ಟಾಪಿನಿಂದ ಪ್ರೊ ಇರುವ ಕಂಪ್ಯೂಟರಿಗೆ ಹೋಗಲು ಅಡ್ಡಿಯಿಲ್ಲ. ತಿರುವು ಮುರುವು ಮಾತ್ರ ಆಗದು.

ಸ್ವೀಕರಿಸುವ ಬದಿಯಲ್ಲಿ ಒಂದು ಸರ್ವೀಸ್ 3389 ಎಂಬ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತಿರಬೇಕು. ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಕಣ್ಣಾರೆ ನೋಡಬಹುದು:

```
netstat -an | findstr 3389
```

ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿದ ಪ್ರೊದಲ್ಲಿ LISTENING ಎಂಬ ಸಾಲು ಬರುತ್ತದೆ. ಹೋಮ್‌ನಲ್ಲಿ ಏನೂ ಬರುವುದಿಲ್ಲ. ಸೋಜಿಗವೆಂದರೆ, ಈ ಕೆಲಸ ಮಾಡುವ termsrv.dll ಎಂಬ ಫೈಲು ಹೋಮ್‌ನಲ್ಲೂ ಇದೆ. ಯಂತ್ರಕ್ಕೆ ಶಕ್ತಿ ಸಾಲದೆಂದೇನೂ ಅಲ್ಲ. ಆ ಸರ್ವೀಸು ಲೈಸೆನ್ಸ್ ಯಾವುದೆಂದು ನೋಡುತ್ತದೆ, ಹೋಮ್ ಎಂದು ಕಂಡರೆ ಕರೆ ಸ್ವೀಕರಿಸುವುದಿಲ್ಲ. ಅದಕ್ಕೇ ರಿಜಿಸ್ಟ್ರಿಯಲ್ಲಿ fDenyTSConnections ಅನ್ನು 0 ಮಾಡಿದರೂ ಹೋಮ್‌ನಲ್ಲಿ ಪ್ರಯೋಜನವಿಲ್ಲ. ಇದು ವ್ಯಾಪಾರದ ತೀರ್ಮಾನ, ಹೊಸದೂ ಅಲ್ಲ. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗಲೇ ಈ ಸೌಲಭ್ಯ ಪ್ರೊಫೆಷನಲ್‌ಗೆ ಮಾತ್ರ ಸಿಕ್ಕಿತ್ತು, ಹೋಮ್‌ಗೆ ಸಿಕ್ಕಿರಲಿಲ್ಲ. ಕಚೇರಿಗಳು ಹೆಚ್ಚು ಹಣ ಕೊಟ್ಟು ಪ್ರೊ ಕೊಳ್ಳಲು ಇದೂ ಒಂದು ಕಾರಣ.

ಲೈಸೆನ್ಸಿನ ಬೀಗ ಎಂದ ಮೇಲೆ ಅದನ್ನು ಮುರಿಯುವವರೂ ಇರುತ್ತಾರೆ. ಆರ್‌ಡಿಪಿ ರ‍್ಯಾಪರ್ ಎಂಬುದನ್ನು ಹಾಕಿಕೊಂಡವರು ನಿಮ್ಮಲ್ಲೂ ಇರಬಹುದು. ಅದು termsrv.dll ನಡೆಯುವಾಗ ಅದರ ತಪಾಸಣೆಯನ್ನು ಮೆಮೊರಿಯಲ್ಲಿಯೇ ಬದಲಿಸುತ್ತದೆ. ಎಲ್ಲಿ ಬದಲಿಸಬೇಕೆಂಬ ಪಟ್ಟಿ ಪ್ರತಿ ಆವೃತ್ತಿಗೂ ಬೇರೆ. ವಿಂಡೋಸ್ ಅಪ್‌ಡೇಟ್ ಬಂದು ಆ ಫೈಲು ಬದಲಾದರೆ ಹಳೆಯ ಪಟ್ಟಿ ಕೆಲಸಕ್ಕೆ ಬಾರದು. ನಿನ್ನೆ ನಡೆದದ್ದು ಇಂದು ನಿಲ್ಲುತ್ತದೆ, ಅದೂ ನೀವು ಧಾರವಾಡದಲ್ಲಿದ್ದಾಗ. ಆಗ ಜನ ಸಿಕ್ಕಸಿಕ್ಕಲ್ಲಿಂದ ಹೊಸ ಪಟ್ಟಿ ಇಳಿಸಿಕೊಳ್ಳುತ್ತಾರೆ, ಆಂಟಿವೈರಸ್ ಬೈದರೆ ಅದನ್ನೇ ಬಂದ್ ಮಾಡುತ್ತಾರೆ. ಲೈಸೆನ್ಸ್ ಷರತ್ತಿನ ಪ್ರಶ್ನೆ ಹಾಗಿರಲಿ, ಅಪ್‌ಡೇಟ್ ಮತ್ತು ಆಂಟಿವೈರಸ್ ಎರಡನ್ನೂ ಬಿಟ್ಟುಕೊಟ್ಟು ಪಡೆಯುವಂಥದ್ದು ಇದಲ್ಲ ಎಂಬುದು ನನ್ನ ಅಭಿಪ್ರಾಯ.

ಹಣ ಕೊಟ್ಟು ಪ್ರೊ ಮಾಡಿಕೊಂಡರೆ? Settings, System, Activation ಮೂಲಕ ಮಾಡಬಹುದು, ಫೈಲುಗಳು ಹಾಗೇ ಉಳಿಯುತ್ತವೆ. ಆದರೆ ನಮ್ಮ ವಿದ್ಯಾರ್ಥಿನಿಯ ತೊಂದರೆ ಅಷ್ಟರಿಂದಲೇ ತೀರುವುದಿಲ್ಲ. ಒಂದೇ ಮನೆಯ ಅಥವಾ ಒಂದೇ ಲ್ಯಾಬಿನ ವೈಫೈ ಒಳಗೆ ರಿಮೋಟ್ ಡೆಸ್ಕ್‌ಟಾಪ್ ಸಲೀಸು. ಧಾರವಾಡದಿಂದ ಹುಬ್ಬಳ್ಳಿಗೆ ಬರಬೇಕಾದರೆ ಕರೆ ಮನೆಯ ರೂಟರನ್ನು ದಾಟಬೇಕು. ಈಗ ಅನೇಕ ಇಂಟರ್‌ನೆಟ್ ಕಂಪನಿಗಳು ಹಲವು ಮನೆಗಳಿಗೆ ಸೇರಿ ಒಂದೇ ಹೊರವಿಳಾಸ ಕೊಡುತ್ತವೆ. ರೂಟರಿನ ಪುಟದಲ್ಲಿ WAN ವಿಳಾಸ 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನಿಮ್ಮದೂ ಅಂಥದ್ದೇ. ಹೊರಗಿನ ಕರೆ ನಿಮ್ಮ ಬಾಗಿಲಿಗೆ ಬರುವ ದಾರಿಯೇ ಇರುವುದಿಲ್ಲ. ದಾರಿ ಇದ್ದವರೂ 3389 ಅನ್ನು ನೇರವಾಗಿ ಇಂಟರ್‌ನೆಟ್ಟಿಗೆ ತೆರೆದಿಡಬಾರದು. ತೆರೆದ ಪೋರ್ಟು ಹುಡುಕಿ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲಿರುಳು ಓಡುತ್ತಿರುತ್ತವೆ.

ಆಕೆಗೆ ಹೊಂದುವುದು ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್. ಇದಕ್ಕೆ ವಿಂಡೋಸಿನ ಆವೃತ್ತಿ ಯಾವುದಾದರೂ ನಡೆಯುತ್ತದೆ, ಏಕೆಂದರೆ ಇದು ಮೈಕ್ರೋಸಾಫ್ಟಿನ ಆ ಸರ್ವೀಸನ್ನು ಮುಟ್ಟುವುದೇ ಇಲ್ಲ. ರೂಟರಿನ ತಕರಾರೂ ಇಲ್ಲ. ಎರಡೂ ಕಂಪ್ಯೂಟರುಗಳು ತಾವಾಗಿಯೇ ಹೊರಗೆ ಗೂಗಲ್‌ಗೆ ಕರೆ ಮಾಡಿ, ಅಲ್ಲಿಂದ ಒಂದಕ್ಕೊಂದು ಸಿಗುತ್ತವೆ. ಮುಂದಿನ ಸಲ ಊರಿಗೆ ಹೋದಾಗ ಮನೆಯ ಕಂಪ್ಯೂಟರಿನ ಕ್ರೋಮ್‌ನಲ್ಲಿ ತನ್ನ ಅಕೌಂಟಿನಿಂದ remotedesktop.google.com/access ತೆರೆದು, ಅಲ್ಲಿ ಕೊಡುವ ಪ್ರೋಗ್ರಾಂ ಹಾಕಿ, ಕಂಪ್ಯೂಟರಿಗೆ ಒಂದು ಹೆಸರು ಮತ್ತು ಕನಿಷ್ಠ 6 ಅಂಕಿಯ ಪಿನ್ ಕೊಡಬೇಕು. ಆಮೇಲೆ ಹಾಸ್ಟೆಲ್‌ನಿಂದ ಅದೇ ಅಕೌಂಟಿನಲ್ಲಿ ಅದೇ ಪುಟ ತೆರೆದು, ಹೆಸರು ಒತ್ತಿ ಪಿನ್ ಕೊಟ್ಟರೆ ಮನೆಯ ತೆರೆ ಕಾಣುತ್ತದೆ. ಅಕೌಂಟಿಗೆ ಎರಡು ಹಂತದ ಪರಿಶೀಲನೆ ಹಾಕಿರಲೇಬೇಕು.

ಕೆಲಸ ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಹೆಸರಿನ ಕೆಳಗೆ Offline ಎಂದಿದ್ದರೆ ಮನೆಯ ಕಂಪ್ಯೂಟರು ನಿದ್ದೆ ಹೋಗಿರಬಹುದು. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪನ್ನು Never ಮಾಡಿಡಬೇಕು. ಇನ್ನೊಂದು ಹೆಸ್ಕಾಂ ಕೃಪೆ. ಕರೆಂಟು ಹೋಗಿ ಬಂದರೆ ಡೆಸ್ಕ್‌ಟಾಪು ತಾನಾಗಿ ಏಳುವುದಿಲ್ಲ. ಬಯೋಸಿನಲ್ಲಿ ಕರೆಂಟು ಬಂದಾಗ ಶುರುವಾಗುವ ಆಯ್ಕೆ ಇದ್ದರೆ ಹಾಕಿಡಿ, ಇಲ್ಲದಿದ್ದರೆ "ಅಮ್ಮಿ, ಸ್ವಲ್ಪ ಕಂಪ್ಯೂಟರ್ ಶುರು ಮಾಡ್ರಿ" ಎಂದು ಫೋನ್ ಮಾಡುವುದೇ ದಾರಿ.

ಅದು ಮುಂದಿನ ಮಾತು. ಇವತ್ತು ರಾತ್ರಿಗೆ? ಮನೆಯಲ್ಲಿ ತಂಗಿ ಇದ್ದಾಳಲ್ಲ. ವಿಂಡೋಸ್ 10 ಮತ್ತು 11ರ ಹೋಮ್‌ನಲ್ಲೂ ಕ್ವಿಕ್ ಅಸಿಸ್ಟ್ ನಡೆಯುತ್ತದೆ. ಅಕ್ಕ ತನ್ನ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ವಿಂಡೋಸ್ ಕೀ, Q ಮೂರನ್ನೂ ಒತ್ತಿ, ಸಹಾಯ ಮಾಡುವವಳಾಗಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಒಳಹೋಗಿ ಒಂದು ಕೋಡ್ ಪಡೆಯುತ್ತಾಳೆ. ಅದಕ್ಕೆ 10 ನಿಮಿಷ ಆಯಸ್ಸು. ತಂಗಿ ಆ ಕೋಡ್ ಹಾಕಿ ಒಪ್ಪಿಗೆ ಕೊಡುತ್ತಾಳೆ. ಅವಳಿಗೆ ಅಕೌಂಟ್ ಬೇಕಿಲ್ಲ. ಮೊದಲು ತೆರೆ ಕಾಣುತ್ತದೆ, ಮೌಸು ಕೀಬೋರ್ಡು ಸಿಗಬೇಕಾದರೆ ಅಕ್ಕ ಮತ್ತೆ ಕೇಳಬೇಕು, ತಂಗಿ ಮತ್ತೆ ಒಪ್ಪಬೇಕು. ಫೈಲನ್ನು ತನಗೇ ಮೇಲ್ ಮಾಡಿಕೊಳ್ಳಲು ಅಷ್ಟು ಸಾಕು.

ಈ ಒಪ್ಪಿಗೆಯ ಗುಂಡಿ ಯಾರಿಗಾಗಿ ಒತ್ತುತ್ತೇವೆ ಎಂಬುದರಲ್ಲೇ ಅಪಾಯವೂ ಇದೆ. 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಬಳಸಿ ನಡೆಯುತ್ತಿದ್ದ ವಂಚನೆಯ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ವಂಚಕರು ಏನನ್ನೂ ಮುರಿದಿರಲಿಲ್ಲ. ಫೋನಿನಲ್ಲಿ ಮಾತಾಡಿ ಆ್ಯಪ್ ಹಾಕಿಸಿ, ಅದು ತೋರಿಸುವ 9 ಅಂಕಿಯ ಸಂಖ್ಯೆ ಕೇಳಿ ಪಡೆದು, ಅನುಮತಿ ಕೊಡಿಸಿಕೊಂಡು, ಮೊಬೈಲಿನಿಂದ ಹಣ ತೆಗೆಯುತ್ತಿದ್ದರು. ಆದ್ದರಿಂದ ತಂಗಿಗೂ ಅಮ್ಮಿಗೂ ಒಂದು ಮಾತು ಹೇಳಿಡಿ: ಕೋಡ್ ಹಾಕುವುದು ಅಕ್ಕನ ಧ್ವನಿ ಕೇಳಿದ ಮೇಲೆ ಮಾತ್ರ, ಬ್ಯಾಂಕಿನವರು ಕಂಪನಿಯವರು ಎಂದು ಯಾರೇ ಕರೆದರೂ ಇಲ್ಲ. ಕೆಲಸ ಮುಗಿದೊಡನೆ ಹಂಚಿಕೆ ನಿಲ್ಲಿಸಲಿ, ಕ್ವಿಕ್ ಅಸಿಸ್ಟ್ ಕಿಟಕಿಯನ್ನೂ ಮುಚ್ಚಲಿ.